ಕರ್ವ್ ಮಾಡಿ ಕಳಿಸಿ ಎನ್ನುವ ಮುನ್ನ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯಿಂದ ಪ್ರೆಸ್ಸಿಗೆ ಹೊರಡುವ ಕನ್ನಡ ಕೆಲಸಕ್ಕೆಲ್ಲ ಒಂದೇ ಷರತ್ತು: "ಎಲ್ಲಾ ಕರ್ವ್ ಮಾಡಿ ಕಳಿಸಿ." ಮದುವೆ ಕಾರ್ಡಿಗೂ, ಜಾತ್ರೆಯ ಕರಪತ್ರಕ್ಕೂ, ಕಾಫಿಪುಡಿಯ ಪೊಟ್ಟಣಕ್ಕೂ, ನೂರಾರು ಪುಟದ ಸ್ಮರಣ ಸಂಚಿಕೆಗೂ ಇದೇ ಮಾತು. ಹೇಳುವವರಿಗೆ ಅದರ ಹಿಂದಿನ ಅನುಭವ ಗೊತ್ತು. ಅಕ್ಷರ ಒಡೆದು ಅಚ್ಚಾದ ಸಾವಿರಾರು ಪ್ರತಿಗಳನ್ನು ರದ್ದಿಗೆ ಹಾಕಿದವರು ಹೀಗೆ ಹೇಳುವುದು ನ್ಯಾಯವೇ. ಆದರೂ ಈ ಷರತ್ತನ್ನು ಎಲ್ಲದಕ್ಕೂ ಹೇರುವುದರಿಂದ ಕನ್ನಡ ಮುದ್ರಣಕ್ಕೆ ನಷ್ಟವಾಗುತ್ತಿದೆ ಎಂಬುದು ನನ್ನ ವಾದ. ಯಾವ ಭಯಕ್ಕೆ ಈ ಮದ್ದು ಹುಟ್ಟಿತೋ ಆ ಭಯದ ಮೂಲ ಬೇರೆ ಕಡೆ ಇದೆ.

ಕರ್ವ್ ಮಾಡುವುದು ಎಂದರೆ ಅಕ್ಷರವನ್ನು ಅಕ್ಷರವಾಗಿ ಉಳಿಸದೆ ಅದರ ಆಕಾರದ ಗೆರೆಯನ್ನು ಮಾತ್ರ ಉಳಿಸುವುದು. ಕೋರಲ್‌ಡ್ರಾನಲ್ಲಿ ಅದು `Convert to Curves`, ಇಲಸ್ಟ್ರೇಟರ್‌ನಲ್ಲಿ `Create Outlines`. ಆಮೇಲೆ ಆ ಕಡತಕ್ಕೆ ಫಾಂಟ್ ಬೇಡ. ಅದರೊಳಗೆ 'ವ' ಎಂಬುದೇ ಇರುವುದಿಲ್ಲ, 'ವ'ದಂತೆ ಕಾಣುವ ಚಿತ್ರ ಇರುತ್ತದೆ. ಫಾಂಟ್ ಎಂಬೆಡ್ ಮಾಡುವುದು ಇನ್ನೊಂದು ದಾರಿ. ಪಿಡಿಎಫ್ ತಯಾರಿಸುವಾಗ, ಬಳಸಿದ ಅಕ್ಷರಗಳ ಮಟ್ಟಿಗೆ ಫಾಂಟನ್ನು ಕತ್ತರಿಸಿ ಆ ಕಡತದೊಳಗೇ ತುಂಬುವುದು. ಮುದ್ರಣಕ್ಕೆಂದೇ ರೂಪಿಸಿದ ಪಿಡಿಎಫ್/ಎಕ್ಸ್ ಎಂಬ ಅಂತರರಾಷ್ಟ್ರೀಯ ಮಾನಕಗಳು ಮೊದಲಿನಿಂದಲೂ ಕೇಳುವುದು ಇದನ್ನೇ: ಬಳಸಿದ ಫಾಂಟ್‌ಗಳೆಲ್ಲ ಎಂಬೆಡ್ ಆಗಿರಬೇಕು. ಅಕ್ಷರಗಳನ್ನು ಗೆರೆಯಾಗಿಸಿ ಎಂದು ಅವು ಕೇಳುವುದಿಲ್ಲ.

ಹಾಗಾದರೆ ನಮ್ಮಲ್ಲಿ ಕರ್ವ್ ಇಷ್ಟು ಬೇರೂರಿದ್ದು ಹೇಗೆ? ಅದನ್ನು ತಿಳಿಯಲು ಬರಹ, ನುಡಿ, ಶ್ರೀಲಿಪಿಗಳ ಕಾಲಕ್ಕೆ ಹೋಗಬೇಕು. ಬರಹ ಬಂದಿದ್ದು 1998ರಲ್ಲಿ; ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದ್ದೂ ಇದೇ ಕಾಲಘಟ್ಟದಲ್ಲಿ. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. 'ವಸ್ತಾರೆ' ಎಂಬ ಊರ ಹೆಸರನ್ನು ನುಡಿಯಲ್ಲಿ ಬರೆದರೆ ಕಡತದಲ್ಲಿ ನಿಜವಾಗಿ ಉಳಿಯುತ್ತಿದ್ದದ್ದು `ªÀ¸ÁÛgÉ`. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇದ್ದರೆ ವಸ್ತಾರೆ, ಇಲ್ಲದಿದ್ದರೆ ಈ ಗೋಜಲು. ಕೋರಲ್ ಕಡತವನ್ನೇ ಸಿಡಿಯಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸುತ್ತಿದ್ದ ದಿನಗಳಲ್ಲಿ ಇದಕ್ಕೆ ಇದ್ದದ್ದು ಎರಡೇ ಪರಿಹಾರ. ಫಾಂಟನ್ನೂ ಜೊತೆಗೆ ಕಳಿಸಬೇಕಿತ್ತು, ಇಲ್ಲವೇ ಕರ್ವ್ ಮಾಡಬೇಕಿತ್ತು. ಕರ್ವ್ ಸುಲಭವಾಗಿತ್ತು, ಗೆದ್ದಿತು.

ಆ ಕಾಲದ ತಪ್ಪಿಗೆ ಒಂದು ಒಳ್ಳೆಯ ಗುಣವಿತ್ತು: ಅದು ಕಣ್ಣಿಗೆ ಹೊಡೆಯುತ್ತಿತ್ತು. ಕನ್ನಡದ ಜಾಗದಲ್ಲಿ ಯುರೋಪಿನ ಅಕ್ಷರಗಳು ಬಂದರೆ ಯಾರೂ ಪ್ಲೇಟ್ ಹಾಕುವುದಿಲ್ಲ. ಯೂನಿಕೋಡ್ ಬಂದ ಮೇಲೆ ತಪ್ಪು ಸದ್ದಿಲ್ಲದೆ ಆಗತೊಡಗಿತು. ಯೂನಿಕೋಡಿನಲ್ಲಿ 'ವಸ್ತಾರೆ' ಎಂದರೆ ವ, ಸ, ಹಲಂತ, ತ, ದೀರ್ಘ, ರ, ಎತ್ವ ಎಂಬ ಸಾಲು ಮಾತ್ರ. ತ ಒತ್ತಾಗಿ ಸಾ ಕೆಳಗೆ ಇಳಿಯಬೇಕು ಎಂಬುದನ್ನು ನಿರ್ಧರಿಸುವುದು ಆ ಹೊತ್ತಿಗೆ ತೆರೆದಿರುವ ತಂತ್ರಾಂಶ, ಫಾಂಟಿನೊಳಗಿನ ನಿಯಮಗಳನ್ನು ಓದಿಕೊಂಡು. ಹಳೆಯ ಕೋರಲ್ ಆವೃತ್ತಿಯಲ್ಲೋ, ಭಾರತೀಯ ಲಿಪಿಗಳ ಜೋಡಣೆಯನ್ನು ಚಾಲೂ ಮಾಡದ ಇಲಸ್ಟ್ರೇಟರ್‌ನಲ್ಲೋ ಈ ಕೆಲಸ ಆಗದಿದ್ದರೆ ತೆರೆಯ ಮೇಲೆ ಬರುವುದು 'ವಸ್‌ತಾರೆ'. 'ಚಿಕ್‌ಕಮಗಳೂರು', 'ಕರ್‌ನಾಟಕ'. ಕನ್ನಡ ಬಲ್ಲವರಿಗೆ ಇದು ಕಣ್ಣಲ್ಲಿ ಬಿದ್ದ ಕಸ. ಕನ್ನಡ ಓದಲು ಬಾರದ ಆಪರೇಟರಿಗೆ ಇದೂ ಕನ್ನಡವೇ. ಕ್ಯಾಲೆಂಡರು, ಮದುವೆ ಕಾರ್ಡು, ಪೊಟ್ಟಣಗಳು ಶಿವಕಾಶಿಯವರೆಗೂ ಹೋಗಿ ಅಚ್ಚಾಗಿ ಬರುವ ನಾಡಿನಲ್ಲಿ ಇದು ಸಣ್ಣ ಅಪಾಯವಲ್ಲ. ಅಷ್ಟೇ ಅಲ್ಲ, ಊರ ಹೆಸರುಗಳಲ್ಲೂ ಅದೃಷ್ಟ ಬೇರೆ ಬೇರೆ. 'ಕಳಸ' ಎಂಬಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ. ಜೋಡಣೆ ಪೂರ್ತಿ ಕೈಕೊಟ್ಟರೂ ಅದು ಸರಿಯಾಗಿಯೇ ಅಚ್ಚಾಗುತ್ತದೆ. ಮೊದಲ ಸಾಲಿನಲ್ಲಿ ಕಳಸ ಸರಿಯಿದೆ ಎಂದು ನೋಡಿ ಒಪ್ಪಿಗೆ ಕೊಟ್ಟರೆ ಮೂರನೆಯ ಸಾಲಿನ ವಸ್ತಾರೆ ಒಡೆದಿರುತ್ತದೆ.

ಇಲ್ಲಿಯವರೆಗಿನ ಮಾತು ಕರ್ವ್ ಪರವಾಗಿಯೇ ಇದೆ ಎನಿಸಬಹುದು. ಆದರೆ ಒಂದು ಅಂಶವನ್ನು ಗಮನಿಸಬೇಕು. ಈ ಒಡಕು ಸಂಭವಿಸುವುದು ಮೂಲ ಕಡತವನ್ನು ಇನ್ನೊಂದು ತಂತ್ರಾಂಶದಲ್ಲಿ ತೆರೆದಾಗ. ಫಾಂಟ್ ಎಂಬೆಡ್ ಆದ ಪಿಡಿಎಫ್‌ನಲ್ಲಿ ಜೋಡಣೆಯ ಕೆಲಸ ಆಗಲೇ ಮುಗಿದಿರುತ್ತದೆ. ಅದರೊಳಗೆ ಇರುವುದು "ಸ, ಹಲಂತ, ತ" ಎಂಬ ಸೂಚನೆಯಲ್ಲ. "ಈ ಫಾಂಟಿನ ಇಷ್ಟನೆಯ ಆಕಾರವನ್ನು ಈ ಜಾಗದಲ್ಲಿಡು, ಅದರ ಕೆಳಗೆ ಒತ್ತಿನ ಆಕಾರವನ್ನು ಆ ಜಾಗದಲ್ಲಿಡು" ಎಂಬ ಸೂಚನೆ. ಪ್ಲೇಟ್ ಮಾಡುವ ಯಂತ್ರದ ರಿಪ್‌ಗೆ ಕನ್ನಡ ವ್ಯಾಕರಣ ತಿಳಿಯಬೇಕಾಗಿಲ್ಲ. ಒತ್ತು ಎಲ್ಲಿ ಕೂರಬೇಕು ಎಂದು ಅದು ಯೋಚಿಸುವುದೇ ಇಲ್ಲ. ಹಾಗಾಗಿ ಪಿಡಿಎಫ್ ನೇರವಾಗಿ ರಿಪ್‌ಗೆ ಹೋಗುವುದಾದರೆ ಎಂಬೆಡ್ ಆದ ಕನ್ನಡ ಕರ್ವ್ ಮಾಡಿದ ಕನ್ನಡದಷ್ಟೇ ಭದ್ರ.

ನಮ್ಮ ತೊಂದರೆ ಆ 'ನೇರವಾಗಿ' ಎಂಬಲ್ಲಿದೆ. ಸಣ್ಣ ಪ್ರೆಸ್ಸುಗಳಲ್ಲಿ ಬಂದ ಪಿಡಿಎಫ್‌ನ್ನು ಮೊದಲು ಕೋರಲ್‌ನಲ್ಲಿ ತೆರೆಯುತ್ತಾರೆ. ಒಂದು ಹಾಳೆಯಲ್ಲಿ ಎಂಟು ಲೇಬಲ್ ಕೂರಿಸಬೇಕು, ಅಂಚಿಗೆ ಬ್ಲೀಡ್ ಸೇರಿಸಬೇಕು, ಒಂದು ಬಣ್ಣ ಬದಲಿಸಬೇಕು. ತೆರೆಯುವಾಗ ಕೋರಲ್ `Import text as` ಎಂದು ಕೇಳಿ `Text` ಮತ್ತು `Curves` ಎಂಬ ಎರಡು ಆಯ್ಕೆ ಕೊಡುತ್ತದೆ. `Text` ಆರಿಸಿದ ಕೂಡಲೇ, ಮುಗಿದಿದ್ದ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡುವ ಪ್ರಯತ್ನ ಶುರುವಾಗುತ್ತದೆ. ಒಳಗಿರುವ ಫಾಂಟ್ ಅರ್ಧ ಕತ್ತರಿಸಿದ್ದು, ಸಂಪಾದನೆಗೆ ಸಿಗುವಂಥದ್ದಲ್ಲ; ಆ ಗಣಕದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಒತ್ತು ಜಾರುವುದು, ಅರ್ಕಾವತ್ತು ಹಿಂದೆ ಮುಂದೆ ಆಗುವುದು ಇಲ್ಲಿಯೇ. `Curves` ಆರಿಸಿದ್ದರೆ ಏನೂ ಆಗುತ್ತಿರಲಿಲ್ಲ. ಇಲಸ್ಟ್ರೇಟರ್‌ನಲ್ಲೂ ಪಿಡಿಎಫ್‌ನ್ನು ತೆರೆಯದೆ, ಲಿಂಕ್ ಆಗಿ `Place` ಮಾಡಿದರೆ ಅಕ್ಷರಗಳನ್ನು ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಪ್ರೆಸ್ಸಿನವರನ್ನು ಮೊದಲು ಕೇಳಬೇಕಾದದ್ದು ಕರ್ವ್ ಬೇಕೋ ಬೇಡವೋ ಎಂದಲ್ಲ. "ನಾನು ಕೊಟ್ಟ ಪಿಡಿಎಫ್‌ನ್ನು ನೀವು ಯಾವುದರಲ್ಲಿ ತೆರೆಯುತ್ತೀರಿ?" ಎಂದು ಕೇಳಬೇಕು. ಈ ಒಂದು ಪ್ರಶ್ನೆಯ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಉದಾಹರಣೆಗೆ ವಸ್ತಾರೆ ಹೋಬಳಿಯ ಬೆಳೆಗಾರರೊಬ್ಬರು ತಮ್ಮದೇ ಕಾಫಿಪುಡಿಯನ್ನು 250 ಗ್ರಾಂ ಪೊಟ್ಟಣದಲ್ಲಿ ಮಾರಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಚಿಕೋರಿ ಬೆರೆಸಿದ ಪುಡಿಯಾದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಮುದ್ರಿಸಲೇಬೇಕು. ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಪೊಟ್ಟಣದ ಸರಕುಗಳ 2011ರ ನಿಯಮದಂತೆ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಕನ್ನಡ ಅದರ ಜೊತೆಗೆ ಬರಬಹುದು. ಪರಿಣಾಮವಾಗಿ ಹಿಂಬದಿಯ ಚೌಕದಲ್ಲಿ ಕನ್ನಡಕ್ಕೆ ಉಳಿಯುವುದು ಅಂಚಿನ ಜಾಗ. ಅಕ್ಷರ ಆರು ಪಾಯಿಂಟಿಗೆ ಇಳಿಯುತ್ತದೆ. ಕರ್ವ್ ಮಾಡಿದ್ದರ ನಿಜವಾದ ಬೆಲೆ ಗೊತ್ತಾಗುವುದು ಇಂಥ ಸಣ್ಣ ಅಕ್ಷರದಲ್ಲಿ.

ಆರು ಪಾಯಿಂಟ್ ಎಂದರೆ ಸುಮಾರು 2.1 ಮಿಲಿಮೀಟರ್. ಅಕ್ಷರದ ತೆಳು ಗೆರೆಯೋ ಸೀಳೋ ಅದರ ಇಪ್ಪತ್ತನೇ ಒಂದು ಭಾಗ ಎಂದುಕೊಂಡರೆ ಅದು 0.1 ಮಿಲಿಮೀಟರ್. ಮೊದಲ ಕಂತಿಗೆ ಐನೂರು ಲೇಬಲ್ ಸಾಕು ಎಂದು 600 ಡಿಪಿಐ ಡಿಜಿಟಲ್ ಯಂತ್ರದಲ್ಲಿ ತೆಗೆಸಿದರೆ ಅಲ್ಲಿನ ಒಂದು ಚುಕ್ಕೆ 0.042 ಮಿಲಿಮೀಟರ್. ನಮ್ಮ ಸೀಳಿಗೆ ಸಿಗುವುದು ಹೆಚ್ಚೆಂದರೆ ಎರಡೂವರೆ ಚುಕ್ಕೆ. ಪಿಡಿಎಫ್ ನಿಯಮದ ಪ್ರಕಾರ, ಚಿತ್ರದ ಗೆರೆ ಒಂದು ಚುಕ್ಕೆಯ ಯಾವುದೇ ಮೂಲೆಯನ್ನು ತಾಗಿದರೂ ಆ ಚುಕ್ಕೆ ಪೂರ್ತಿ ಕಪ್ಪಾಗುತ್ತದೆ. ಫಾಂಟಿನ ಅಕ್ಷರವಾದರೆ ರಿಪ್ ಬೇರೆ ವಿಧಾನ ಬಳಸಬಹುದು: ಫಾಂಟಿನೊಳಗೆ ಹಿಂಟ್ ಎಂಬ ಸೂಚನೆಗಳಿದ್ದರೆ ಅವನ್ನು ನೋಡಿಕೊಂಡು ಗೆರೆಗಳ ದಪ್ಪವನ್ನು ಸಮನಾಗಿಡುತ್ತದೆ. ಕರ್ವ್ ಮಾಡಿದಾಗ ಹಿಂಟ್ ಹೋಗುತ್ತದೆ, ಅಕ್ಷರ ಎಂಬ ಗುರುತೂ ಹೋಗುತ್ತದೆ. ಗೆರೆ ಎರಡೂ ಬದಿಗೆ ಒಂದಿಷ್ಟು ಹಬ್ಬುತ್ತದೆ, ಸೀಳು ಅಷ್ಟೇ ಕಿರಿದಾಗುತ್ತದೆ, ಉಳಿದದ್ದನ್ನು ಟೋನರ್ ಮುಚ್ಚುತ್ತದೆ.

ಇಂಗ್ಲಿಷಿನಲ್ಲಿ ಇದರಿಂದ ಅಕ್ಷರ ಒಂದಿಷ್ಟು ದಪ್ಪ ಕಾಣುತ್ತದೆ, ಅಷ್ಟೆ. ಕನ್ನಡದಲ್ಲಿ ಅಕ್ಷರವೇ ಬದಲಾಗುತ್ತದೆ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು. ಬ ಮತ್ತು ಭ ನಡುವೆಯೂ ಅಷ್ಟೆ. 'ಗರಿಷ್ಠ'ದ ಒತ್ತಿನಲ್ಲಿರುವ ಠಕ್ಕೆ ಹೊಟ್ಟೆಯೊಳಗೆ ಒಂದು ಚುಕ್ಕೆ; ಒತ್ತಿನ ಗಾತ್ರ ಅಕ್ಷರಕ್ಕಿಂತ ಚಿಕ್ಕದಾದ್ದರಿಂದ ಮೊದಲು ತುಂಬಿಕೊಳ್ಳುವುದು ಅದೇ. ಹೀಗಾಗಿ ಸಣ್ಣ ಅಕ್ಷರದ ಡಿಜಿಟಲ್ ಮುದ್ರಣದಲ್ಲಿ ಪ್ರೂಫ್ ನೋಡುವವರು ಇಡೀ ಸಾಲನ್ನು ಓದುವುದಕ್ಕಿಂತ ಧ, ಭ, ಢ ಮತ್ತು ಠ ಒತ್ತು ಇರುವ ಪದಗಳನ್ನು ಹುಡುಕಿ ಭೂತಗನ್ನಡಿ ಹಿಡಿಯುವುದು ಒಳ್ಳೆಯದು.

ಇದೇ ಲೇಬಲ್ 2400 ಡಿಪಿಐ ಪ್ಲೇಟಿನಲ್ಲಿ ಆಫ್‌ಸೆಟ್‌ಗೆ ಹೋದರೆ ಚಿತ್ರ ಬೇರೆ. ಅಲ್ಲಿ ಒಂದು ಚುಕ್ಕೆ ಸುಮಾರು ನೂರನೇ ಒಂದು ಮಿಲಿಮೀಟರ್. ನಮ್ಮ ಸೀಳಿಗೆ ಒಂಬತ್ತು ಹತ್ತು ಚುಕ್ಕೆ ಸಿಗುತ್ತದೆ. ಒಂದು ಹೋದರೂ ಧ ಧವಾಗಿಯೇ ಇರುತ್ತದೆ. ಕರ್ವ್ ಮಾಡಿದರೆ ಅಕ್ಷರ ಕೆಡುತ್ತದೆ ಎನ್ನುವವರೂ ಏನೂ ಆಗುವುದಿಲ್ಲ ಎನ್ನುವವರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಒಬ್ಬರು ಡಿಜಿಟಲ್ ಯಂತ್ರದ ಪಕ್ಕ ನಿಂತಿದ್ದಾರೆ, ಇನ್ನೊಬ್ಬರು ಆಫ್‌ಸೆಟ್ ಪಕ್ಕ.

ಕರ್ವ್ ವಿರುದ್ಧ ಸಾಮಾನ್ಯವಾಗಿ ಹೇಳುವ ಇನ್ನೊಂದು ಮಾತನ್ನು ನಾನು ಒಪ್ಪುವುದಿಲ್ಲ. ಕರ್ವ್ ಮಾಡಿದರೆ ಕೊನೆಗಳಿಗೆಯಲ್ಲಿ ತಿದ್ದಲು ಬರುವುದಿಲ್ಲ, ಎಂಬೆಡ್ ಮಾಡಿದರೆ ಬರುತ್ತದೆ ಎನ್ನುತ್ತಾರೆ. ಕನ್ನಡದ ಮಟ್ಟಿಗೆ ಇದು ಬಹುಪಾಲು ಭ್ರಮೆ. ಎಂಬೆಡ್ ಆದದ್ದು ಬಳಸಿದ ಆಕಾರಗಳು ಮಾತ್ರ. ಕಾಫಿ 80, ಚಿಕೋರಿ 20 ಎಂದಿದ್ದದ್ದನ್ನು 70, 30 ಮಾಡಬೇಕು ಎನ್ನಿ. ಲೇಬಲ್ಲಿನಲ್ಲಿ ಆ ಫಾಂಟಿನ 7 ಮತ್ತು 3 ಬೇರೆಲ್ಲೂ ಬಂದಿಲ್ಲದಿದ್ದರೆ ಪಿಡಿಎಫ್ ಒಳಗೆ ಆ ಅಂಕಿಗಳೇ ಇಲ್ಲ. ಹೊಸ ಪದವನ್ನು ಸೇರಿಸಬೇಕಾದರಂತೂ ಅದರ ಒತ್ತಕ್ಷರಗಳು ಇರುವ ಸಂಭವ ಇನ್ನೂ ಕಡಿಮೆ. ಆಪರೇಟರ್ ಆಗ ಮಾಡುವುದು ಬೇರೊಂದು ಫಾಂಟಿನಿಂದ ತೇಪೆ ಹಾಕುವುದು. ತಿದ್ದಲು ಬರುವ ಕಡತ ಒಂದೇ, ಅದು ವಿನ್ಯಾಸಕಾರರ ಬಳಿ ಇರುವ ಮೂಲ. ಆ ಮೂಲದ ಮೇಲೆಯೇ ಕರ್ವ್ ಮಾಡಿ ಅದೇ ಹೆಸರಿನಲ್ಲಿ ಉಳಿಸಿಬಿಡುವ ಅಭ್ಯಾಸವಿದೆಯಲ್ಲ, ಕರ್ವ್‌ನಿಂದ ಆಗಿರುವ ದೊಡ್ಡ ಹಾನಿ ಅದು. ಮುಂದಿನ ವರ್ಷ ಅದೇ ಲೇಬಲ್ ಬೇಕಾದಾಗ ಕನ್ನಡವನ್ನೆಲ್ಲ ಮೊದಲಿನಿಂದ ಟೈಪ್ ಮಾಡಬೇಕು, ಹೊಸ ಕಾಗುಣಿತದ ತಪ್ಪುಗಳೊಂದಿಗೆ. ಸ್ಮರಣ ಸಂಚಿಕೆಯಂಥ ದೊಡ್ಡ ಕೆಲಸದಲ್ಲಿ ಕಡತ ಭಾರವಾಗುವುದರ ಜೊತೆಗೆ, ಊರಿನ ಹಿರಿಯರು ಬರೆದುಕೊಟ್ಟ ಚರಿತ್ರೆ ಹುಡುಕಲು ಬಾರದ ಚಿತ್ರರಾಶಿಯಾಗಿ ಉಳಿಯುತ್ತದೆ. ಪುಸ್ತಕವನ್ನು ಕರ್ವ್ ಮಾಡಿಸಿ ಎಂದು ಕೇಳುವ ಪ್ರೆಸ್ಸಿಗೆ ಬೇಡ ಎನ್ನಬೇಕು.

ಮತ್ತೆ ನಮ್ಮ ಲೇಬಲ್ಲಿಗೆ ಬರೋಣ. ಮೂಲವನ್ನು ಇನ್‌ಡಿಸೈನ್‌ನಲ್ಲಿ, `Adobe World-Ready Paragraph Composer` ಆರಿಸಿಕೊಂಡು, ನೋಟೋ ಸೆರಿಫ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟಿನಲ್ಲಿ ಮಾಡಿದ್ದೇವೆ. ಮುಕ್ತ ಫಾಂಟ್ ಎಂದದ್ದಕ್ಕೆ ಕಾರಣವಿದೆ. ಪ್ರತಿ ಫಾಂಟಿನೊಳಗೆ ಎಂಬೆಡ್ ಮಾಡಲು ಅನುಮತಿ ಇದೆಯೋ ಇಲ್ಲವೋ ಎಂಬ ಗುರುತು ಇರುತ್ತದೆ. ಇಲ್ಲ ಎಂದಿದ್ದರೆ ತಂತ್ರಾಂಶ ಎಂಬೆಡ್ ಮಾಡಲು ಒಪ್ಪುವುದಿಲ್ಲ. ಖರೀದಿಸಿದ ಫಾಂಟನ್ನು ಪ್ರೆಸ್ಸಿಗೆ ಕಳಿಸುವುದು ಹಲವು ಪರವಾನಗಿಗಳಲ್ಲಿ ನಿಷಿದ್ಧ. ಮುಕ್ತ ಫಾಂಟಿಗೆ ಈ ತಕರಾರಿಲ್ಲ.

ಪಿಡಿಎಫ್/ಎಕ್ಸ್-4 ಆಗಿ ಹೊರತೆಗೆದ ಮೇಲೆ ಫಾಂಟ್ ನಿಜವಾಗಿಯೂ ಒಳಗಿದೆಯೇ ಎಂದು ನೋಡಬೇಕು. ಅಕ್ರೋಬ್ಯಾಟ್‌ನಲ್ಲಿ `Properties` ತೆರೆದು `Fonts` ಒತ್ತಿದರೆ ಪ್ರತಿ ಫಾಂಟಿನ ಮುಂದೆ `Embedded Subset` ಎಂದಿರಬೇಕು. ಅಕ್ರೋಬ್ಯಾಟ್ ಇಲ್ಲದವರು ಪಾಪ್ಲರ್ ಎಂಬ ಉಚಿತ ಸಲಕರಣೆಯಿಂದ ಇದನ್ನೇ ತಿಳಿಯಬಹುದು:

```
pdffonts label.pdf
```

ಬರುವ ಪಟ್ಟಿಯಲ್ಲಿ `emb` ಎಂಬ ಕಂಬದ ಕೆಳಗೆ ಎಲ್ಲ ಕಡೆ `yes` ಇರಬೇಕು. ಒಂದು ಕಡೆ `no` ಇದ್ದರೂ ಆ ಫಾಂಟಿನ ಪದಗಳು ಪ್ರೆಸ್ಸಿನಲ್ಲಿ ಏನಾಗುತ್ತವೋ ಹೇಳಲಾಗದು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕೆಲಸಕ್ಕೂ ಇದೇ ಪರೀಕ್ಷೆ ಸಾಕು. ಎಂಬೆಡ್ ಆಗಿದ್ದರೆ ಅದೂ ಸರಿಯಾಗಿಯೇ ಅಚ್ಚಾಗುತ್ತದೆ.

ಪ್ರೆಸ್ಸಿನವರು "ಕೋರಲ್‌ನಲ್ಲಿ ತೆರೆಯುತ್ತೇವೆ" ಎಂದರು ಎನ್ನೋಣ. ಆಗ ಕರ್ವ್ ಪ್ರತಿಯನ್ನೂ ಕೊಡಲೇಬೇಕು, ಹಟ ಹಿಡಿಯಬಾರದು. ಆದರೆ ಅದನ್ನು ಮೂಲದಿಂದ ಮಾಡದೆ, ಒಪ್ಪಿಗೆಯಾದ ಪಿಡಿಎಫ್‌ನಿಂದಲೇ ಮಾಡಿದರೆ ಮೂಲ ಸುರಕ್ಷಿತವಾಗಿ ಉಳಿಯುತ್ತದೆ, ಓದಿ ಒಪ್ಪಿದ ಜೋಡಣೆಯೇ ಗೆರೆಯಾಗುತ್ತದೆ. ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಇದು ಒಂದು ಸಾಲು:

```
gs -o label-curves.pdf -sDEVICE=pdfwrite -dNoOutputFonts label.pdf
```

ಹೊಸ ಕಡತದ ಮೇಲೆ ಮತ್ತೆ `pdffonts` ಓಡಿಸಿದರೆ ಪಟ್ಟಿ ಖಾಲಿ ಬರಬೇಕು. ಬಣ್ಣಗಳು, ಪಾರದರ್ಶಕ ಭಾಗಗಳು ಹಾಗೇ ಇವೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಎರಡು ಪ್ರತಿಗಳನ್ನು ಒಂದರ ಮೇಲೊಂದು ಇಟ್ಟು ಮೇಲಿನದನ್ನು `Difference` ಮಾಡಿದರೆ, ಎರಡೂ ಒಂದೇ ಆಗಿದ್ದಲ್ಲಿ ತೆರೆ ಪೂರ್ತಿ ಕಪ್ಪಾಗಿರುತ್ತದೆ. ಅಕ್ಷರದ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುವುದು ಸಹಜ. ಒಂದು ಒತ್ತು ಇಡಿಯಾಗಿ ಬೆಳ್ಳಗೆ ಕಂಡರೆ ಅದು ಜಾಗ ಬಿಟ್ಟಿದೆ ಎಂದರ್ಥ.

ಇಷ್ಟಾದ ಮೇಲೂ ಕರ್ವ್ ಪ್ರತಿಗೆ ಪ್ರೆಸ್ಸಿನಲ್ಲಿ ಒಂದು ಅಪಾಯ ಕಾದಿರುತ್ತದೆ. ಕನ್ನಡದಲ್ಲಿ ಒತ್ತು ಮೇಲಿನ ಅಕ್ಷರವನ್ನು ತಾಗುವುದು, ತಲೆಕಟ್ಟು ಪಕ್ಕದ ಗುಣಿತದ ಮೇಲೆ ಹಾಯುವುದು ಸಾಮಾನ್ಯ. ಹಳೆಯ ಫಾಂಟ್‌ಗಳಲ್ಲಂತೂ ಒಂದೊಂದು ಅಕ್ಷರವೂ ಎರಡು ಮೂರು ತುಣುಕುಗಳ ಜೋಡಣೆ. ಆಪರೇಟರ್ ಎಲ್ಲವನ್ನೂ ಆರಿಸಿ `Combine` ಒತ್ತಿದರೆ, ಒಂದರ ಮೇಲೊಂದು ಬಿದ್ದ ಜಾಗಗಳೆಲ್ಲ ಬಿಳಿ ತೂತುಗಳಾಗುತ್ತವೆ. ಅಲ್ಲಿ ಬಳಸಬೇಕಾದದ್ದು `Weld`. ಕರ್ವ್ ಆದ ಅಕ್ಷರಕ್ಕೆ ಸುತ್ತ ಗೆರೆ ಕೊಟ್ಟರೂ ಕೂಡುಜಾಗಗಳು ಬಯಲಾಗುತ್ತವೆ. ಪ್ರೂಫ್‌ನಲ್ಲಿ ಒತ್ತು ಅಕ್ಷರಕ್ಕೆ ತಾಗುವ ಬಿಂದುವಿನಲ್ಲಿ ಸಣ್ಣ ಬಿಳಿ ಕಂಡರೆ ಆಗಿರುವುದು ಇದೇ.

ಕರ್ವ್ ಬಿಟ್ಟು ಬೇರೆ ದಾರಿಯೇ ಇಲ್ಲದ ಕೆಲಸಗಳೂ ಇವೆ. ಮದುವೆ ಕಾರ್ಡಿನ ಮೇಲೆ ಚಿನ್ನದ ಫಾಯಿಲ್ ಒತ್ತುವ ಅಚ್ಚು, ಉಬ್ಬು ಅಕ್ಷರದ ಡೈ, ಜೀಪಿನ ಮೇಲೆ ಅಂಟಿಸುವ ವಿನೈಲ್ ಕತ್ತರಿಸುವ ಪ್ಲಾಟರ್, ಇವಕ್ಕೆ ಅಕ್ಷರ ಬೇಡ, ಚಾಕು ಸಾಗುವ ಹಾದಿ ಬೇಕು. ಅಲ್ಲಿ ವೆಲ್ಡ್ ಮಾಡದೆ ಕೊಟ್ಟರೆ ಪ್ಲಾಟರ್ ಒತ್ತಿನ ನಡುವೆಯೇ ಕತ್ತರಿಸಿ ಅಕ್ಷರವನ್ನು ಎರಡು ತುಂಡು ಮಾಡುತ್ತದೆ. ನಮ್ಮ ಪೊಟ್ಟಣದ ಮುಂಬದಿಯ ದೊಡ್ಡ ಹೆಸರೂ ಇದೇ ಸಾಲಿಗೆ ಸೇರುತ್ತದೆ. ವಿನ್ಯಾಸಕ್ಕಾಗಿ ಅಕ್ಷರವನ್ನು ಕೈಯಾರೆ ತಿದ್ದಿದ್ದರೆ ಅದು ಚಿತ್ರವೇ, ಕರ್ವ್ ಆಗಿಯೇ ಇರಲಿ. ಹಿಂಬದಿಯ ಆರು ಪಾಯಿಂಟಿನ ಕನ್ನಡ ಮಾತ್ರ, ಡಿಜಿಟಲ್ ಯಂತ್ರಕ್ಕೆ ಹೋಗುವಾಗಲಾದರೂ, ಫಾಂಟ್ ಸಮೇತ ಹೋಗಬೇಕು. ಒಂದೇ ಪಿಡಿಎಫ್‌ನಲ್ಲಿ ಇವೆರಡೂ ಒಟ್ಟಿಗಿರಲು ಯಾವ ಅಡ್ಡಿಯೂ ಇಲ್ಲ.

ಶಿವಕಾಶಿಗೋ ಇನ್ನೆಲ್ಲಿಗೋ, ಕನ್ನಡ ಓದದ ಕೈಗಳಿಗೆ ಕಳಿಸುವಾಗ ಎರಡು ಪಿಡಿಎಫ್‌ಗಳ ಜೊತೆ ಒಂದು ಜೆಪಿಜಿ ಚಿತ್ರವನ್ನೂ ಇಡಬೇಕು, ಒತ್ತಕ್ಷರಗಳಿಗೆ ಕೆಂಪು ವೃತ್ತ ಹಾಕಿ. ಓದಲು ಬಾರದವರೂ ಆಕಾರ ಹೋಲಿಸಬಲ್ಲರು. ವಸ್ತಾರೆಯ ಕೆಳಗೆ ತ ಒತ್ತು ಇದೆಯೋ ಇಲ್ಲವೋ ಎಂದು ನೋಡಲು ಕನ್ನಡ ಬರಬೇಕಾಗಿಲ್ಲ, ಎಲ್ಲಿ ನೋಡಬೇಕು ಎಂದು ಯಾರಾದರೂ ತೋರಿಸಿರಬೇಕು.